ಒಂದು ಜಿಬಿಯಲ್ಲಿ ಅರವತ್ತು ಜನರ ಅಂಚೆಮನೆ

ಕೊನೆಯ ವರ್ಷದ ನಾಲ್ವರು ವಿದ್ಯಾರ್ಥಿಗಳು ನಮ್ಮ ವಿಭಾಗಕ್ಕೆ ಸ್ವಂತದ್ದೊಂದು ಮೇಲ್ ಸರ್ವರ್ ಕಟ್ಟುತ್ತೇವೆ, ಅದನ್ನೇ ಪ್ರಾಜೆಕ್ಟ್ ಮಾಡಿಕೊಳ್ಳುತ್ತೇವೆ ಎಂದು ಬಂದರು. ನಾನು ಗೈಡ್ ಆಗಲು ಒಪ್ಪಿದೆ. 45 ವಿದ್ಯಾರ್ಥಿಗಳು, 15 ಸಿಬ್ಬಂದಿ, ಒಟ್ಟು 60 ಖಾತೆ. ಒಂದು ಸೆಮಿಸ್ಟರ್, ಅಂದರೆ ನಾಲ್ಕು ತಿಂಗಳು ನಡೆಯಬೇಕು. ನಾಲ್ವರೂ ಕೈಯಿಂದ ದುಡ್ಡು ಹಾಕಿ ತಿಂಗಳ ಬಾಡಿಗೆಗೆ ಒಂದು ಅಗ್ಗದ ವರ್ಚುವಲ್ ಮಷೀನ್ ಹಿಡಿದರು. ಒಂದು ಸಿಪಿಯು, 1 ಜಿಬಿ ಮೆಮೊರಿ, 25 ಜಿಬಿ ಡಿಸ್ಕ್. ಮೆಮೊರಿ ಕಡಿಮೆಯಾದರೆ ಇರಲಿ ಎಂದು ಡಿಸ್ಕಿನಲ್ಲೇ 1 ಜಿಬಿ ಸ್ವಾಪ್ ಕೂಡ ಮಾಡಿಕೊಂಡರು.

ಮೂರನೇ ವಾರ ಗುಂಪಿನ ಹುಡುಗಿಯೊಬ್ಬಳು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. "ಮೇಡಂ, ದಿನಾ ಒಂದು ಹೊತ್ತಿನಲ್ಲಿ ಮೇಲ್ ನಿಂತುಬಿಡುತ್ತೆ. ಸ್ವಲ್ಪ ಹೊತ್ತಾದ ಮೇಲೆ ತಾನೇ ಸರಿಹೋಗುತ್ತೆ. ಏನು ಅಂತ ಗೊತ್ತಾಗ್ತಿಲ್ಲ."

"ಕರ್ನಲ್ ಏನು ಹೇಳ್ತಿದೆ ನೋಡಿದೆಯೇನಮ್ಮ?" ಎಂದೆ. ನೋಡಿರಲಿಲ್ಲ. ಇಬ್ಬರೂ ಕೂತು ನೋಡಿದೆವು.

```
journalctl -k | grep -i "out of memory"
Out of memory: Killed process 1187 (clamd)
```

ದಿನಕ್ಕೊಂದು ಸಾಲು. ಮೆಮೊರಿ ಪೂರ್ತಿ ಮುಗಿದಾಗ ಲಿನಕ್ಸ್ ಕರ್ನಲ್ ಹೆಚ್ಚು ಜಾಗ ಹಿಡಿದಿರುವ ಕೆಲಸವನ್ನು ಆರಿಸಿ ಕೊಂದುಹಾಕುತ್ತದೆ. ಇಲ್ಲಿ ಬಲಿಯಾದದ್ದು `clamd`, ಅಂದರೆ ಕ್ಲ್ಯಾಮ್‌ಎವಿ ಎಂಬ ವೈರಸ್ ತಪಾಸಣೆಯ ಪ್ರೋಗ್ರಾಮ್. ತಪಾಸಣೆ ಮಾಡುವವನೇ ಇಲ್ಲವಾದಾಗ ಸರ್ವರ್ ಬಂದ ಪ್ರತಿ ಪತ್ರಕ್ಕೂ `451 4.7.1 Service unavailable - try again later` ಎಂದು ಹೇಳಿ ವಾಪಸ್ ಕಳಿಸುತ್ತಿತ್ತು. 4ರಿಂದ ಶುರುವಾಗುವ ಉತ್ತರಕ್ಕೆ "ಈಗ ಆಗದು, ಆಮೇಲೆ ಬನ್ನಿ" ಎಂದರ್ಥ. ಕಳಿಸಿದ ಕಡೆಯ ಸರ್ವರ್ ಪತ್ರವನ್ನು ತನ್ನಲ್ಲೇ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಹುಡುಗರು ಕ್ರಾನ್‌ನಲ್ಲಿ ಹಾಕಿದ್ದ ಸ್ಕ್ರಿಪ್ಟ್ `clamd`ಯನ್ನು ಮತ್ತೆ ಎಬ್ಬಿಸುತ್ತಿತ್ತು, ತಡವಾದ ಪತ್ರಗಳು ಆಗ ಬಂದು ಬೀಳುತ್ತಿದ್ದವು. ಪತ್ರ ಕಳೆದುಹೋಗದೆ ತಡವಾಗುತ್ತಿದ್ದುದರಿಂದಲೇ ಮೂರು ವಾರ ಯಾರೂ ಇದನ್ನು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ.

ಮಷೀನ್ ಬಾಡಿಗೆಗೆ ಹಿಡಿಯುವ ಮೊದಲು ಅರ್ಧ ಗಂಟೆ ಕಾಗದ ಪೆನ್ನು ಹಿಡಿದು ಕೂತಿದ್ದರೆ ಈ ತೊಂದರೆ ಅಂದೇ ಕಣ್ಣಿಗೆ ಬೀಳುತ್ತಿತ್ತು. ಆ ದಿನ ಸಂಜೆ ನಾವು ಕೂತು ಹಾಕಿದ ಲೆಕ್ಕವನ್ನೇ ಇಲ್ಲಿ ಬಿಡಿಸಿಡುತ್ತೇನೆ.

ಪಂಕ್ತಿ ಬೇರೆ, ಉಗ್ರಾಣ ಬೇರೆ

ಮದುವೆ ಮನೆಯಲ್ಲಿ ಊಟದ ಹಾಲ್ ಎಷ್ಟು ದೊಡ್ಡದಿರಬೇಕು ಎಂಬುದನ್ನು ಒಟ್ಟು ಎಷ್ಟು ಜನ ಬರುತ್ತಾರೆ ಎಂಬುದು ತೀರ್ಮಾನಿಸುವುದಿಲ್ಲ. ಒಂದು ಪಂಕ್ತಿಗೆ ಎಷ್ಟು ಜನ ಕೂರುತ್ತಾರೆ ಎಂಬುದು ತೀರ್ಮಾನಿಸುತ್ತದೆ. ಉಗ್ರಾಣದ ಲೆಕ್ಕ ಹಾಗಲ್ಲ. ಅಲ್ಲಿ ಎಷ್ಟು ದಿನಕ್ಕೆ, ಎಷ್ಟು ಜನಕ್ಕೆ ಸಾಮಾನು ಕೂಡಿಡಬೇಕು ಎಂಬುದೇ ಮುಖ್ಯ.

ಮೇಲ್ ಸರ್ವರ್‌ನ ಮೆಮೊರಿ ಪಂಕ್ತಿಯ ಹಾಗೆ, ಡಿಸ್ಕ್ ಉಗ್ರಾಣದ ಹಾಗೆ. ಮೆಮೊರಿಗೆ ಕೇಳಬೇಕಾದ ಪ್ರಶ್ನೆ: ಅತಿ ಹೆಚ್ಚು ಗದ್ದಲದ ಗಳಿಗೆಯಲ್ಲಿ ಯಾವ ಯಾವ ಪ್ರೋಗ್ರಾಮುಗಳು, ಎಷ್ಟೆಷ್ಟು ಪ್ರತಿಗಳಲ್ಲಿ ಒಟ್ಟಿಗೆ ಕೂತಿರುತ್ತವೆ? ಡಿಸ್ಕಿಗೆ ಕೇಳಬೇಕಾದದ್ದು: ದಿನಕ್ಕೆ ಎಷ್ಟು ಸೇರುತ್ತದೆ, ಎಷ್ಟು ದಿನ ಉಳಿಯುತ್ತದೆ? ಎರಡಕ್ಕೂ "60 ಬಳಕೆದಾರರು" ಎಂಬ ಒಂದೇ ಸಂಖ್ಯೆ ಇಟ್ಟುಕೊಂಡು ಹೊರಟರೆ ಎರಡೂ ಕಡೆ ತಪ್ಪುತ್ತದೆ.

ಯಾರು ಯಾರು ಕೂರುತ್ತಾರೆ

ಸಣ್ಣ ಮೇಲ್ ಸರ್ವರ್ ಎಂದರೆ ಒಂದೇ ಪ್ರೋಗ್ರಾಮ್ ಅಲ್ಲ. ಪತ್ರವನ್ನು ತರುವ, ಒಯ್ಯುವ ಕೆಲಸ ಪೋಸ್ಟ್‌ಫಿಕ್ಸ್‌ನದು. ಪೆಟ್ಟಿಗೆ ತೆಗೆದು ಓದಲು ಕೊಡುವ ಕೆಲಸ ಡವ್‌ಕಾಟ್‌ನದು. ಕಸದ ಪತ್ರಗಳನ್ನು ಗುರುತಿಸುವುದು ಆರ್‌ಸ್ಪ್ಯಾಮ್‌ಡಿ, ಅದಕ್ಕೆ ನೆನಪಿನ ಪುಸ್ತಕವಾಗಿ ರೆಡಿಸ್. ಬ್ರೌಸರ್‌ನಲ್ಲಿ ಮೇಲ್ ನೋಡಲು ರೌಂಡ್‌ಕ್ಯೂಬ್, ಅದರ ಹಿಂದೆ ವೆಬ್ ಸರ್ವರ್ ಮತ್ತು ಪಿಎಚ್‌ಪಿ. ಇಷ್ಟಾದ ಮೇಲೆ ವೈರಸ್ ತಪಾಸಣೆಗೆ ಕ್ಲ್ಯಾಮ್‌ಎವಿ.

ಇವುಗಳಲ್ಲಿ ಪೋಸ್ಟ್‌ಫಿಕ್ಸ್ ತುಂಬ ಮಿತಭೋಜಿ. ಕೆಲಸವನ್ನು ಚಿಕ್ಕ ಚಿಕ್ಕ ಪ್ರೋಗ್ರಾಮುಗಳಿಗೆ ಹಂಚಿ, ಬೇಕಾದಾಗ ಎಬ್ಬಿಸಿ, ಮುಗಿದ ಮೇಲೆ ಕಳಿಸಿಬಿಡುತ್ತದೆ. ನಮ್ಮಂಥ ಸಣ್ಣ ಕಡೆ ಅದಕ್ಕೆ 40 ಎಂಬಿ ಇಟ್ಟರೆ ಸಾಕು. ಪತ್ರ ಎಷ್ಟೇ ದೊಡ್ಡದಿರಲಿ, ಅದನ್ನು ಡಿಸ್ಕಿನ ಮೇಲಿನ ಸಾಲಿನಲ್ಲಿಟ್ಟು ಸಾಗಿಸುತ್ತದೆಯೇ ಹೊರತು ಪೂರ್ತಿ ಮೆಮೊರಿಗೆ ಎಳೆದುಕೊಳ್ಳುವುದಿಲ್ಲ.

ಡವ್‌ಕಾಟ್ ಹಾಗಲ್ಲ. ಸಾಮಾನ್ಯ ಜೋಡಣೆಯಲ್ಲಿ ಅದು ಪ್ರತಿ ಐಮ್ಯಾಪ್ ಸಂಪರ್ಕಕ್ಕೂ ಒಂದು ಬೇರೆ ಪ್ರತಿಯನ್ನು ಓಡಿಸುತ್ತದೆ. ಫೋನಿನ ಮೇಲ್ ಆ್ಯಪ್ "ಹೊಸ ಪತ್ರ ಬಂದ ಕೂಡಲೇ ಹೇಳು" ಎಂದು ಸಂಪರ್ಕ ತೆರೆದಿಟ್ಟುಕೊಂಡು ಕೂತಿರುತ್ತದೆ. ಕಂಪ್ಯೂಟರ್‌ನ ಥಂಡರ್‌ಬರ್ಡ್ ಒಂದೇ ಖಾತೆಗೆ ಐದು ಸಂಪರ್ಕದವರೆಗೂ ಹಿಡಿಯಬಲ್ಲದು. ಹಾಗಾಗಿ ಇಲ್ಲಿ ಎಣಿಸಬೇಕಾದದ್ದು ಜನರನ್ನಲ್ಲ, ತೆರೆದ ಸಂಪರ್ಕಗಳನ್ನು. ಲ್ಯಾಬ್ ಹೊತ್ತಿನಲ್ಲಿ 60ರಲ್ಲಿ 40 ಜನ ಇರುತ್ತಾರೆ, ತಲೆಗೆ ಎರಡರಂತೆ 80 ಸಂಪರ್ಕ ಎಂದು ಇಟ್ಟುಕೊಂಡೆವು.

ಒಂದು ಸಂಪರ್ಕಕ್ಕೆ ಎಷ್ಟು ಮೆಮೊರಿ? ಇಲ್ಲಿ ಹುಡುಗರು ಬೆಚ್ಚಿಬಿದ್ದಿದ್ದರು. `ps` ಆಜ್ಞೆ ಪ್ರತಿ `imap` ಕೆಲಸದ ಮುಂದೆ 8 ಎಂಬಿ ಆಸುಪಾಸು ತೋರಿಸುತ್ತಿತ್ತು. 80 ಸಂಪರ್ಕಕ್ಕೆ 640 ಎಂಬಿ, ಅಂದರೆ ಮಷೀನಿನ ಸುಮಾರು ಮೂರನೇ ಎರಡು ಪಾಲು ಅಲ್ಲೇ ಹೋಯಿತು! ಆದರೆ ಆ ಸಂಖ್ಯೆಯಲ್ಲಿ ಎಲ್ಲ ಪ್ರತಿಗಳೂ ಹಂಚಿಕೊಂಡು ಬಳಸುವ ಭಾಗ ಸೇರಿಕೊಂಡಿದೆ. ಒಂದೇ ಬಾವಿಯ ನೀರನ್ನು ಎಂಟು ಮನೆಯವರು ಸೇದುವಾಗ ಎಂಟು ಬಾವಿ ಎಂದು ಎಣಿಸಿದ ಹಾಗೆ. ಹಂಚಿಕೊಂಡದ್ದನ್ನು ಪಾಲು ಹಾಕಿ ತೋರಿಸುವ `smem` ಎಂಬ ಸಾಧನವಿದೆ. ಅದರ `PSS` ಕಾಲಂ ನೋಡಬೇಕು.

```
sudo smem -tk -P dovecot
```

ಇದರಲ್ಲಿ ಪ್ರತಿ ಸಂಪರ್ಕದ ಪಾಲು ಎರಡೂವರೆ ಎಂಬಿ ಆಸುಪಾಸು ಬಂತು. 80 ಸಂಪರ್ಕಕ್ಕೆ 200, ಡವ್‌ಕಾಟ್‌ನ ಮೂಲ ಕೆಲಸಗಳಿಗೆ 30, ಒಟ್ಟು 230 ಎಂಬಿ.

ಆರ್‌ಸ್ಪ್ಯಾಮ್‌ಡಿ ಮತ್ತು ರೆಡಿಸ್ ಸೇರಿ 200 ಎಂಬಿ ಎಂದು ಹಿಡಿದೆವು. ರೆಡಿಸ್ ಬಿಟ್ಟರೆ ಬೆಳೆಯುತ್ತಲೇ ಹೋಗುವ ಸ್ವಭಾವದ್ದು. ಅದಕ್ಕೆ `maxmemory 64mb` ಎಂದು ಬೇಲಿ ಹಾಕಿದೆವು. ಪಿಎಚ್‌ಪಿಯ ಒಂದೊಂದು ಪ್ರತಿ 40 ಎಂಬಿ ತಿನ್ನುತ್ತದೆ. ಆದ್ದರಿಂದ `pm.max_children = 3` ಎಂದು ಮೂರಕ್ಕೆ ಕಟ್ಟಿಹಾಕಿದೆವು. ನಾಲ್ಕನೆಯವರು ಒಂದು ಕ್ಷಣ ಕಾಯುತ್ತಾರೆ, ಸರ್ವರ್ ಬೀಳುವುದಿಲ್ಲ. ರೌಂಡ್‌ಕ್ಯೂಬ್‌ಗೆಂದು ಹಾಕಿದ್ದ ಮರಿಯಾಡಿಬಿ ತೆಗೆದು ಎಸ್‌ಕ್ಯೂಲೈಟ್‌ಗೆ ಬದಲಾಯಿಸಿದೆವು. ಅರವತ್ತು ಜನರ ವಿಳಾಸ ಪುಸ್ತಕಕ್ಕೆ ಒಂದು ಫೈಲ್ ಸಾಕು, ಅದಕ್ಕಾಗಿ ಇಡೀ ಡೇಟಾಬೇಸ್ ಸರ್ವರ್ ಎಚ್ಚರವಾಗಿರಬೇಕಿಲ್ಲ. ವೆಬ್ ಭಾಗಕ್ಕೆಲ್ಲ ಸೇರಿ 130 ಎಂಬಿ.

ಆಪರೇಟಿಂಗ್ ಸಿಸ್ಟಮ್ ಮತ್ತು ಅದರ ಪರಿವಾರಕ್ಕೆ 150 ಸೇರಿಸಿ ಕೂಡಿದರೆ: 150, 40, 230, 200, 130. ಒಟ್ಟು 750 ಎಂಬಿ. 1 ಜಿಬಿ ಎಂದು ಕೊಟ್ಟ ಮಷೀನಿನಲ್ಲಿ ಕರ್ನಲ್ ತನ್ನ ಪಾಲು ತೆಗೆದುಕೊಂಡ ಮೇಲೆ ಕೈಗೆ ಸಿಗುವುದು 957. ಸುಮಾರು 200 ಉಳಿಯಿತು.

ಈಗ ಕ್ಲ್ಯಾಮ್‌ಎವಿ. ಅದು ತನಗೆ ಗೊತ್ತಿರುವ ಎಲ್ಲ ವೈರಸ್ ಗುರುತುಗಳನ್ನೂ ಮೆಮೊರಿಯಲ್ಲೇ ಹರಡಿಕೊಂಡು ಕೂರುತ್ತದೆ. ಅದಕ್ಕೆ 1 ಜಿಬಿಗೂ ಮೇಲೆ ಬೇಕು. ಅಷ್ಟೇ ಆಗಿದ್ದರೆ ಸ್ವಾಪ್ ಸೇರಿಸಿ ಹೇಗೋ ಕುಂಟುತ್ತ ನಡೆಯುತ್ತಿತ್ತು, ನಡೆದೂ ಇತ್ತು. ಆದರೆ ಹೊಸ ಗುರುತುಗಳ ಪಟ್ಟಿ ಬಂದಾಗ, ತಪಾಸಣೆ ನಿಲ್ಲಬಾರದೆಂದು ಹಳೆಯ ಪಟ್ಟಿಯನ್ನು ಹಿಡಿದುಕೊಂಡೇ ಹೊಸದನ್ನೂ ಮೆಮೊರಿಗೆ ತರುತ್ತದೆ. ಆ ಕೆಲವು ನಿಮಿಷ ಅದಕ್ಕೆ ಎರಡು ಪಟ್ಟು ಜಾಗ ಬೇಕು. ಹೊಸ ಪಟ್ಟಿ ಸಾಮಾನ್ಯವಾಗಿ ದಿನಕ್ಕೊಮ್ಮೆ ಬರುತ್ತದೆ. ದಿನಕ್ಕೊಮ್ಮೆ ಸಾಯುತ್ತಿದ್ದುದರ ಗುಟ್ಟು ಇದು. `freshclam.log`ನಲ್ಲಿ ಪಟ್ಟಿ ಇಳಿದ ಸಮಯವನ್ನೂ ಕರ್ನಲ್ ಕೊಂದ ಸಮಯವನ್ನೂ ಪಕ್ಕ ಪಕ್ಕ ಇಟ್ಟಾಗ ಎಲ್ಲ ದಿನಗಳಲ್ಲೂ ಎರಡೂ ಒಂದರ ಬೆನ್ನಿಗೊಂದು ಬಂದಿದ್ದವು.

`ConcurrentDatabaseReload no` ಎಂದು ಹಾಕಿದರೆ ಆ ಎರಡು ಪಟ್ಟು ತಪ್ಪುತ್ತದೆ. ಆದರೆ ಮೂಲ ಒಂದು ಜಿಬಿಯ ಮೇಲಿನ ಹಸಿವು ಹಾಗೇ ಉಳಿಯುತ್ತದೆ. ಕ್ಲ್ಯಾಮ್‌ಎವಿ ತಯಾರಕರೇ 3 ಜಿಬಿಗಿಂತ ಹೆಚ್ಚು ಮೆಮೊರಿ ಇರಲಿ ಎನ್ನುತ್ತಾರೆ. ಹಾಗಾಗಿ ಆಯ್ಕೆ ಎರಡೇ: 4 ಜಿಬಿಯ ಮಷೀನಿಗೆ ಹೋಗುವುದು, ಇಲ್ಲವೇ ಕ್ಲ್ಯಾಮ್‌ಎವಿ ಬಿಡುವುದು. ಹುಡುಗರ ಜೇಬು ನೋಡಿ ಬಿಟ್ಟೆವು. ಬದಲಿಗೆ ಪೋಸ್ಟ್‌ಫಿಕ್ಸ್‌ನ `mime_header_checks`ನಲ್ಲಿ `.exe`, `.scr`, `.vbs` ಇಂಥ ಓಡುವ ಫೈಲುಗಳಿರುವ ಪತ್ರಗಳನ್ನು ಬಾಗಿಲಲ್ಲೇ ತಡೆದೆವು. ಇದು ವೈರಸ್ ತಪಾಸಣೆಗೆ ಸಮವಲ್ಲ, ಜಿಪ್ ಮಾಡಿದ ಫೈಲು ಇದನ್ನು ದಾಟಿ ಹೋಗುತ್ತದೆ. ಆ ಮಿತಿಯನ್ನು ಪ್ರಾಜೆಕ್ಟ್ ವರದಿಯಲ್ಲಿ ಬರೆಯಲು ಹೇಳಿದೆ.

ಎಲ್ಲವನ್ನೂ ಕಟ್ಟಿಕೊಡುವ ಸಿದ್ಧ ಪ್ಯಾಕೇಜುಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಮೇಲ್‌ಕೌ ಎಂಬುದು ಬಹಳ ಚೆನ್ನಾದ ಪ್ಯಾಕೇಜು. ಆದರೆ ಎಲ್ಲ ಸವಲತ್ತುಗಳೊಂದಿಗೆ ಅದು ಕೇಳುವುದು ಕನಿಷ್ಠ 6 ಜಿಬಿ ಮೆಮೊರಿ. ಅದನ್ನು 1 ಜಿಬಿ ಮಷೀನಿಗೆ ಹಾಕಿ ಒದ್ದಾಡುವ ಮೊದಲು ಅದರ ಅಗತ್ಯಗಳ ಪುಟವನ್ನು ಒಮ್ಮೆ ಓದಬೇಕು.

ಖಾಲಿ ಎಂಬ ಸಂಖ್ಯೆಯನ್ನು ನಂಬಬಾರದು

ಕ್ಲ್ಯಾಮ್‌ಎವಿ ತೆಗೆದ ಮರುದಿನ ಹುಡುಗನೊಬ್ಬ ಮತ್ತೆ ಗಾಬರಿಯಾಗಿ ಬಂದ. "ಮೇಡಂ, ಇನ್ನೂ 61 ಎಂಬಿ ಮಾತ್ರ ಖಾಲಿ ಇದೆ!" ಅವನು ನೋಡಿದ್ದು ಇದನ್ನು:

```
free -m
        total  used  free  shared  buff/cache  available
Mem:      957   612    61       4         338        345
Swap:    1023    88   935
```

`free` ಕಾಲಂನಲ್ಲಿ 61 ಇದೆ, ನಿಜ. ಆದರೆ ಲಿನಕ್ಸ್ ಮೆಮೊರಿಯನ್ನು ಸುಮ್ಮನೆ ಖಾಲಿ ಬಿಡುವುದಿಲ್ಲ. ಇತ್ತೀಚೆಗೆ ಓದಿದ ಫೈಲುಗಳ ಪ್ರತಿಯನ್ನು ಅಲ್ಲಿ ಇಟ್ಟುಕೊಳ್ಳುತ್ತದೆ. ಯಾರಾದರೂ ಜಾಗ ಕೇಳಿದರೆ ಕೂಡಲೇ ಎದ್ದು ಕೊಡುತ್ತದೆ. ಹೊಸ ಕೆಲಸಕ್ಕೆ ಎಷ್ಟು ಸಿಕ್ಕೀತು ಎಂಬುದನ್ನು ಹೇಳುವುದು ಕೊನೆಯ `available` ಕಾಲಂ. ಇಲ್ಲಿ 345 ಎಂಬಿ. ಅವನ ಮಷೀನು ಚೆನ್ನಾಗಿತ್ತು.

ಹಾಗೆಂದು ಆ ಪ್ರತಿಗಳಿಟ್ಟುಕೊಳ್ಳುವ ಜಾಗವನ್ನು ದಂಡ ಎಂದುಕೊಂಡು ಪೂರ್ತಿ ತುಂಬಿಸಲೂ ಬಾರದು. ಮೇಲ್ ತೆರೆದಾಗಲೆಲ್ಲ ಡವ್‌ಕಾಟ್ ತನ್ನ ಸೂಚಿ ಫೈಲುಗಳನ್ನು ಓದುತ್ತದೆ. ಅವು ಮೆಮೊರಿಯಲ್ಲಿದ್ದರೆ ಇನ್‌ಬಾಕ್ಸ್ ತಟ್ಟನೆ ತೆರೆಯುತ್ತದೆ, ಇಲ್ಲದಿದ್ದರೆ ಪ್ರತಿ ಸಲ ಡಿಸ್ಕಿಗೆ ಓಡಬೇಕು. ಲೆಕ್ಕದಲ್ಲಿ ಉಳಿದ 200 ಎಂಬಿ ಇದಕ್ಕೇ ಮೀಸಲು.

ಮೆಮೊರಿ ನಿಜವಾಗಿ ಕಡಿಮೆಯಾಗಿದೆಯೇ ಎಂದು ತಿಳಿಯಲು `vmstat 5` ಓಡಿಸಿ `si` ಮತ್ತು `so` ಕಾಲಂ ನೋಡಬೇಕು. ಸ್ವಾಪ್‌ನಿಂದ ತಂದದ್ದು, ಸ್ವಾಪ್‌ಗೆ ಹಾಕಿದ್ದು ಎಂದು ಅವುಗಳ ಅರ್ಥ. ಸ್ವಾಪ್‌ನಲ್ಲಿ 88 ಎಂಬಿ ಕೂತಿದ್ದರೆ ಚಿಂತೆಯಿಲ್ಲ, ಬಳಸದ ಸಾಮಾನನ್ನು ಅಟ್ಟಕ್ಕೆ ಹಾಕಿದ ಹಾಗೆ. ಆದರೆ ಆ ಎರಡು ಕಾಲಂಗಳಲ್ಲಿ ಸೊನ್ನೆ ಬಾರದೆ ಸಂಖ್ಯೆಗಳು ಎಡೆಬಿಡದೆ ಓಡುತ್ತಿದ್ದರೆ, ದಿನವಿಡೀ ಅಟ್ಟ ಹತ್ತಿ ಇಳಿಯುತ್ತಿದ್ದೇವೆ ಎಂದರ್ಥ. ಆಗ ಮೆಮೊರಿ ಸಾಲದು.

25 ಜಿಬಿಯಲ್ಲಿ ಪತ್ರಕ್ಕೆ ಉಳಿಯುವುದೆಷ್ಟು

ಡಿಸ್ಕಿನ ಲೆಕ್ಕ ಕಳೆಯುವುದರಿಂದ ಶುರುವಾಗುತ್ತದೆ. 25 ಜಿಬಿ ಡಿಸ್ಕನ್ನು ಎಕ್ಸ್ಟ್4 ಆಗಿ ಸಿದ್ಧಮಾಡಿದ ಮೇಲೆ ಕಾಣುವುದು 24 ಜಿಬಿ ಆಸುಪಾಸು. ಅದರಲ್ಲೂ ಎಕ್ಸ್ಟ್4 ಶೇಕಡಾ 5ರಷ್ಟನ್ನು `root` ಬಳಕೆದಾರನಿಗೆಂದು ಎತ್ತಿಡುತ್ತದೆ. ಪೋಸ್ಟ್‌ಫಿಕ್ಸ್ ಆಗಲಿ ಪೆಟ್ಟಿಗೆಗಳಾಗಲಿ ಅದನ್ನು ಮುಟ್ಟುವಂತಿಲ್ಲ. ಕೈಗೆ ಸಿಗುವುದು 23 ಜಿಬಿ ಎಂದುಕೊಳ್ಳೋಣ.

ಸಿಸ್ಟಮ್ ಮತ್ತು ಪ್ರೋಗ್ರಾಮುಗಳಿಗೆ 3, ಸ್ವಾಪ್‌ಗೆ 1, ಲಾಗ್‌ಗಳಿಗೆ 1, ಕಳಿಸಲು ಕಾದಿರುವ ಪತ್ರಗಳ ಸಾಲಿಗೆ 1, ಅಪ್‌ಡೇಟ್ ಇಳಿಸಿಕೊಳ್ಳಲು 1. ಏಳು ಹೋಯಿತು, 16 ಉಳಿಯಿತು. ಡಿಸ್ಕನ್ನು ಅಂಚಿನವರೆಗೆ ತುಂಬಿಸಬಾರದೆಂದು ಅದರಲ್ಲಿ ಐದನೇ ಒಂದು ಪಾಲು ಬಿಟ್ಟರೆ ಪತ್ರಗಳಿಗೆ 13 ಜಿಬಿ. 60 ಜನಕ್ಕೆ ಹಂಚಿದರೆ ತಲೆಗೆ 200 ಎಂಬಿ ಚಿಲ್ಲರೆ. ಹಾಗಾಗಿ ಡವ್‌ಕಾಟ್‌ನಲ್ಲಿ ಪ್ರತಿ ಪೆಟ್ಟಿಗೆಗೆ 200 ಎಂಬಿ ಮಿತಿ.

ಅಷ್ಟು ಸಾಕೇ? ಇದಕ್ಕೆ ಉತ್ತರ ಊಹೆಯಿಂದ ಬರಬಾರದು. ನನ್ನದೇ ಪೆಟ್ಟಿಗೆಯ ಗಾತ್ರವನ್ನು ಅದರಲ್ಲಿದ್ದ ಪತ್ರಗಳ ಸಂಖ್ಯೆಯಿಂದ ಭಾಗಿಸಿದೆವು. ಒಂದು ಪತ್ರಕ್ಕೆ ಸರಾಸರಿ 75 ಕೆಬಿ ಬಂತು. ದಿನಕ್ಕೆ 15 ಪತ್ರ ಎಂದರೆ 1.1 ಎಂಬಿ, 120 ದಿನಕ್ಕೆ ಸುಮಾರು 135 ಎಂಬಿ. ಡವ್‌ಕಾಟ್‌ನ ಸೂಚಿ ಫೈಲುಗಳಿಗೆ ಹತ್ತರಲ್ಲಿ ಒಂದು ಪಾಲು ಸೇರಿಸಿದರೆ 150. ಮಿತಿಯೊಳಗೇ ಇದೆ. ಹುಡುಗರಿಗೆ ಖುಷಿಯಾಯಿತು.

ಆಗ ನಾನು ವಿಭಾಗದ ಸುತ್ತೋಲೆಗಳ ವಿಷಯ ತೆಗೆದೆ.

ಒಂದು ಸುತ್ತೋಲೆಯ ತೂಕ

ನಮ್ಮಲ್ಲಿ ವಾರಕ್ಕೊಮ್ಮೆಯಾದರೂ ಸ್ಕ್ಯಾನ್ ಮಾಡಿದ ಒಂದು ಪಿಡಿಎಫ್ ಎಲ್ಲರಿಗೂ ಹೋಗುತ್ತದೆ. ವೇಳಾಪಟ್ಟಿ, ಇಂಟರ್ನಲ್ಸ್ ಅಂಕಪಟ್ಟಿ, ಪರೀಕ್ಷಾ ಸೂಚನೆ. ಒಂದೊಂದು 5 ಎಂಬಿ.

ಮೇಲ್ ಎಂಬುದು ಮೂಲದಲ್ಲಿ ಅಕ್ಷರಗಳನ್ನು ಸಾಗಿಸಲು ಹುಟ್ಟಿದ ವ್ಯವಸ್ಥೆ. ಪಿಡಿಎಫ್‌ನಂಥ ಫೈಲನ್ನು ಅದರಲ್ಲಿ ಕಳಿಸಲು ಬೇಸ್64 ಎಂಬ ವಿಧಾನದಿಂದ ಅಕ್ಷರಗಳಾಗಿ ಬದಲಾಯಿಸುತ್ತಾರೆ. ಮೂರು ಬೈಟ್ ನಾಲ್ಕು ಅಕ್ಷರವಾಗುತ್ತದೆ, ಜೊತೆಗೆ ಪ್ರತಿ ಸಾಲಿನ ಕೊನೆಗೆ ಎರಡು ಬೈಟ್. ಒಟ್ಟಿನಲ್ಲಿ ಗಾತ್ರ ಶೇಕಡಾ 37ರಷ್ಟು ಉಬ್ಬುತ್ತದೆ. 5 ಎಂಬಿಯ ಸುತ್ತೋಲೆ ಡಿಸ್ಕಿನ ಮೇಲೆ 6.85 ಎಂಬಿ. ಪೋಸ್ಟ್‌ಫಿಕ್ಸ್‌ನಲ್ಲಿ ಮೊದಲಿಂದ ಇರುವ ಮಿತಿ 10240000 ಬೈಟ್. 8 ಎಂಬಿಯ ಫೈಲು ಲಗತ್ತಿಸಿದವರಿಗೆ "ಪತ್ರ ತುಂಬ ದೊಡ್ಡದು" ಎಂದು ಏಕೆ ಬರುತ್ತದೆ ಎಂಬುದಕ್ಕೂ ಇದೇ ಉತ್ತರ. ಆ ಮಿತಿಯೊಳಗೆ ಹೋಗಬಲ್ಲ ನಿಜವಾದ ಫೈಲು ಏಳೂವರೆ ಎಂಬಿ ಮಾತ್ರ.

ಕಳಿಸುವ ಸಾಲಿನಲ್ಲಿ ಆ ಸುತ್ತೋಲೆ ಒಂದೇ ಪ್ರತಿಯಾಗಿರುತ್ತದೆ. ಪೆಟ್ಟಿಗೆಗಳಿಗೆ ಬಿದ್ದಾಗ 60 ಪ್ರತಿಯಾಗುತ್ತದೆ. 6.85 ಗುಣಿಸು 60, ಅಂದರೆ 411 ಎಂಬಿ. ಒಂದೇ ಸಲಕ್ಕೆ! ಕೆಲವು ಜೋಡಣೆಗಳಲ್ಲಿ ಡವ್‌ಕಾಟ್ ಒಂದೇ ಪ್ರತಿಯನ್ನು ಹಲವರಿಗೆ ಹಂಚಿ ಉಳಿಸುವುದುಂಟು. ಆದರೆ ಗಾತ್ರ ನಿರ್ಧರಿಸುವಾಗ ಅದನ್ನು ನೆಚ್ಚಿಕೊಳ್ಳಬಾರದು.

16 ವಾರಕ್ಕೆ ಲೆಕ್ಕ ಹಾಕಿದರೆ ತಲೆಗೆ 110 ಎಂಬಿ. ಹಿಂದಿನ 150ಕ್ಕೆ ಸೇರಿಸಿದರೆ 260. ನಮ್ಮ ಮಿತಿ 200. ಅಂದರೆ ಸೆಮಿಸ್ಟರ್ ಮುಗಿಯುವ ಎಷ್ಟೋ ಮೊದಲೇ, ಅದೂ ಪರೀಕ್ಷೆಯ ಸೂಚನೆಗಳು ಬರುವ ಹೊತ್ತಿಗೆ, ಒಬ್ಬೊಬ್ಬರದೇ ಪೆಟ್ಟಿಗೆ ತುಂಬಿ ಪತ್ರಗಳು ವಾಪಸಾಗುತ್ತಿದ್ದವು. ದಿನದ ಪತ್ರಗಳು ಸಾವಿರಾರಿದ್ದರೂ ತಡೆಯುತ್ತಿದ್ದ ಡಿಸ್ಕನ್ನು ಹದಿನಾರು ಪಿಡಿಎಫ್ ಮುಗಿಸಿಬಿಡುತ್ತಿದ್ದವು.

ದೊಡ್ಡ ಡಿಸ್ಕ್ ಕೊಳ್ಳುವುದು ಒಂದು ದಾರಿ. ನಾವು ಹಿಡಿದದ್ದು ಇನ್ನೊಂದು ದಾರಿ. ಸುತ್ತೋಲೆಯ ಫೈಲನ್ನು ವಿಭಾಗದ ವೆಬ್ ಫೋಲ್ಡರಿನಲ್ಲಿ ಒಮ್ಮೆ ಇಟ್ಟು, ಪತ್ರದಲ್ಲಿ ಕೊಂಡಿ ಮಾತ್ರ ಕಳಿಸುವುದು. ಆಫೀಸಿನವರಿಗೆ 411 ಮತ್ತು 5 ಎಂಬ ಎರಡು ಸಂಖ್ಯೆ ಬರೆದು ತೋರಿಸಿದಾಗ ಒಪ್ಪಿಕೊಂಡರು.

ಸದ್ದಿಲ್ಲದೆ ತುಂಬುವ ಮೂಲೆಗಳು

ಪತ್ರಗಳ ಹೊರತಾಗಿ ಡಿಸ್ಕನ್ನು ತಿನ್ನುವ ಎರಡು ಮೂಲೆಗಳಿವೆ. ಒಂದು ಲಾಗ್. ಇಂಟರ್ನೆಟ್ಟಿಗೆ ತೆರೆದುಕೊಂಡ ಯಾವ ಮೇಲ್ ಸರ್ವರನ್ನೂ ಹೊರಗಿನ ಯಂತ್ರಗಳು ಸುಮ್ಮನೆ ಬಿಡುವುದಿಲ್ಲ. ಹಗಲೂ ರಾತ್ರಿ ಪಾಸ್‌ವರ್ಡ್ ಊಹಿಸುತ್ತ ಬಾಗಿಲು ಬಡಿಯುತ್ತವೆ, ಪ್ರತಿ ಬಡಿತಕ್ಕೂ ಲಾಗ್‌ನಲ್ಲಿ ಒಂದೆರಡು ಸಾಲು. ಸಿಸ್ಟಮ್‌ಡಿಯ ಜರ್ನಲ್ ತಾನಾಗಿ ಡಿಸ್ಕಿನ ಹತ್ತರಲ್ಲಿ ಒಂದು ಪಾಲಿನವರೆಗೆ ಬೆಳೆಯಬಲ್ಲದು. ನಮ್ಮ ಡಿಸ್ಕಿನಲ್ಲಿ ಅದು ಸುಮಾರು ಎರಡೂವರೆ ಜಿಬಿ, ಹನ್ನೆರಡು ಜನರ ಪೆಟ್ಟಿಗೆಗೆ ಸಮ. `/etc/systemd/journald.conf`ನಲ್ಲಿ ಇಷ್ಟು ಹಾಕಿದರೆ ಅಲ್ಲಿಗೆ ನಿಲ್ಲುತ್ತದೆ:

```
[Journal]
SystemMaxUse=200M
```

ಇನ್ನೊಂದು ಮೂಲೆ ಕಳಿಸುವ ಸಾಲು. ಅಗ್ಗದ ಮಷೀನ್ ಬಾಡಿಗೆಗೆ ಕೊಡುವ ಹಲವರು ಹೊಸ ಗ್ರಾಹಕರಿಗೆ 25ನೇ ಪೋರ್ಟಿನಿಂದ ಹೊರಗೆ ಪತ್ರ ಕಳಿಸಲು ಬಿಡುವುದಿಲ್ಲ. ಅದು ಗೊತ್ತಿಲ್ಲದೆ ಸರ್ವರ್ ನಡೆಸಿದರೆ ಹೊರಗಿನ ವಿಳಾಸಕ್ಕೆ ಬರೆದ ಪ್ರತಿ ಪತ್ರವೂ ಲಗತ್ತಿನ ಸಮೇತ ಸಾಲಿನಲ್ಲಿ ಕೂರುತ್ತದೆ. ಪೋಸ್ಟ್‌ಫಿಕ್ಸ್ ಅದನ್ನು ಐದು ದಿನ ಇಟ್ಟುಕೊಂಡು ಪ್ರಯತ್ನಿಸುತ್ತದೆ, ಆಮೇಲೆ ಕೈಬಿಡುತ್ತದೆ. `postqueue -p` ಓಡಿಸಿ ಕೊನೆಯ ಸಾಲಿನಲ್ಲಿರುವ ಒಟ್ಟು ಗಾತ್ರವನ್ನು ದಿನಕ್ಕೊಮ್ಮೆ ನೋಡಿದರೆ ಸಾಕು. ದಿನದಿಂದ ದಿನಕ್ಕೆ ಅದು ಏರುತ್ತಿದ್ದರೆ ತೊಂದರೆ ಡಿಸ್ಕಿನದಲ್ಲ, ಹೊರಗಿನ ದಾರಿಯದು.

ಡಿಸ್ಕಿನಲ್ಲಿ ಜಾಗ ಕಾಣುತ್ತಿದ್ದರೂ `No space left on device` ಎಂದು ಬಂದರೆ `df -i` ನೋಡಬೇಕು. ಪತ್ರಗಳನ್ನು ಮೇಲ್‌ಡಿರ್ ರೀತಿಯಲ್ಲಿಟ್ಟಾಗ ಪ್ರತಿ ಪತ್ರವೂ ಒಂದು ಫೈಲು. ಎಕ್ಸ್ಟ್4 ಸಾಮಾನ್ಯವಾಗಿ 16 ಕೆಬಿಗೆ ಒಂದರಂತೆ ಫೈಲುಗಳಿಗೆ ಚೀಟಿ ಮಾಡಿಟ್ಟಿರುತ್ತದೆ. 25 ಜಿಬಿಗೆ ಸುಮಾರು 16 ಲಕ್ಷ. ಸರಾಸರಿ ಪತ್ರ 75 ಕೆಬಿ ಇರುವ ನಮ್ಮಂಥ ಕಡೆ ಜಾಗವೇ ಮೊದಲು ಮುಗಿಯುತ್ತದೆ. ಆದರೆ ಯಂತ್ರಗಳು ಕಳಿಸುವ 2 ಕೆಬಿಯ ಸಂದೇಶಗಳೇ ತುಂಬಿದ ಸರ್ವರ್‌ನಲ್ಲಿ ಚೀಟಿ ಮೊದಲು ಮುಗಿಯುತ್ತದೆ.

ಬ್ಯಾಕಪ್ ತಂದ ಫಜೀತಿ

ಇಷ್ಟೆಲ್ಲ ಆದ ಮೇಲೂ ಒಮ್ಮೆ ಎಡವಿದೆವು. ಡೆಮೋಗೆ ಎರಡು ದಿನ ಮುಂಚೆ, ಏನಾದರೂ ಹೆಚ್ಚುಕಡಿಮೆಯಾದರೆ ಇರಲಿ ಎಂದು ಒಬ್ಬ ಹುಡುಗ ಎಲ್ಲ ಪೆಟ್ಟಿಗೆಗಳನ್ನೂ `tar` ಮಾಡಿ `/root` ಒಳಗೆ ಇಟ್ಟ. ಉದ್ದೇಶ ಒಳ್ಳೆಯದೇ. ಆದರೆ ಪ್ರತಿ ಇಟ್ಟದ್ದು ಅದೇ ಡಿಸ್ಕಿನಲ್ಲಿ. ಪಿಡಿಎಫ್‌ಗಳೂ ಚಿತ್ರಗಳೂ ಮೊದಲೇ ಒತ್ತಿ ಸಣ್ಣದಾಗಿಸಿದ ಫೈಲುಗಳಾದ್ದರಿಂದ ಗಾತ್ರ ನಿರೀಕ್ಷಿಸಿದಷ್ಟು ಇಳಿಯಲೂ ಇಲ್ಲ. ರಾತ್ರಿಯೇ ಹೊರಗಿನಿಂದ ಬರುವ ಪತ್ರಗಳಿಗೆಲ್ಲ `452 4.3.1 Insufficient system storage` ಎಂಬ ಉತ್ತರ ಹೋಗತೊಡಗಿತು.

ಡಿಸ್ಕ್ ಪೂರ್ತಿ ಮುಗಿಯುವವರೆಗೆ ಪೋಸ್ಟ್‌ಫಿಕ್ಸ್ ಕಾಯುವುದಿಲ್ಲ. ಒಂದು ಪತ್ರದ ಗರಿಷ್ಠ ಮಿತಿಯ ಒಂದೂವರೆ ಪಟ್ಟು ಜಾಗ ಇಲ್ಲವಾದರೆ, ನಮ್ಮಲ್ಲಿ ಸುಮಾರು 15 ಎಂಬಿಗಿಂತ ಕೆಳಗಿಳಿದರೆ, ಹೊಸ ಪತ್ರ ಒಲ್ಲೆ ಎನ್ನುತ್ತದೆ. ಇದು ಅದರ ಜಾಣತನ. ಅರ್ಧ ಬರೆದ ಪತ್ರಕ್ಕಿಂತ ಆಮೇಲೆ ಬರುವ ಇಡೀ ಪತ್ರ ಮೇಲು. ಆದರೆ `tar` ಓಡಿದ್ದು `root` ಹೆಸರಿನಲ್ಲಿ. ಹಾಗಾಗಿ ಆಪತ್ತಿಗೆಂದು ಎತ್ತಿಟ್ಟಿದ್ದ ಶೇಕಡಾ 5ರ ಪಾಲನ್ನೂ ಅದು ತಿಂದುಹಾಕಿತ್ತು. ಲಾಗಿನ್ ಆಗಿ ಸರಿಮಾಡಲು ಬೇಕಾದ ಉಸಿರಾಟದ ಜಾಗವೂ ಇರಲಿಲ್ಲ. ಆ ಫೈಲು ಅಳಿಸಿದ ಮೇಲೆ ಸರ್ವರ್ ಎದ್ದು ಕೂತಿತು. ಕಾದಿದ್ದ ಪತ್ರಗಳು ಬೆಳಗಿನ ಹೊತ್ತಿಗೆ ಬಂದವು.

ಅಂದಿನಿಂದ ಬ್ಯಾಕಪ್ `rsync` ಮೂಲಕ ಲ್ಯಾಬಿನ ಒಂದು ಕಂಪ್ಯೂಟರಿಗೆ ಹೋಗುತ್ತದೆ. ಬ್ಯಾಕಪ್‌ಗೆ ಬೇಕಾದ ಜಾಗವನ್ನು ಲೆಕ್ಕ ಹಾಕಲೇಬೇಕು, ಆದರೆ ಆ ಜಾಗ ಇನ್ನೊಂದು ಡಿಸ್ಕಿನಲ್ಲಿರಬೇಕು.

ಕಾಗದದ ಲೆಕ್ಕ, ಮಷೀನಿನ ಲೆಕ್ಕ

ಡೆಮೋಗೆ ಮೊದಲು ಸರ್ವರ್‌ಗೆ ಒಮ್ಮೆ ಪೂರ್ತಿ ಪಂಕ್ತಿ ಬಡಿಸಿ ನೋಡಿದೆವು. ಪೋಸ್ಟ್‌ಫಿಕ್ಸ್ ಜೊತೆಗೇ ಬರುವ `smtp-source` ಎಂಬ ಸಾಧನ ಇದಕ್ಕೆ ಹೇಳಿಮಾಡಿಸಿದ್ದು. ಏಕಕಾಲಕ್ಕೆ ಹತ್ತು ಕಡೆಯಿಂದ, 75 ಕೆಬಿಯ 500 ಪತ್ರಗಳನ್ನು ಒಳಗೆ ಸುರಿಯಲು:

```
smtp-source -s 10 -m 500 -l 75000 \
  -f test@example.org -t user1@example.org 127.0.0.1:25
```

ಇದು ಓಡುತ್ತಿರುವಾಗ ಲ್ಯಾಬಿನಲ್ಲಿದ್ದವರಿಗೆಲ್ಲ ಫೋನಿನಲ್ಲೂ ಬ್ರೌಸರಿನಲ್ಲೂ ಮೇಲ್ ತೆರೆಯಲು ಹೇಳಿದೆವು. ಪಕ್ಕದ ಪರದೆಯಲ್ಲಿ `vmstat 5`, ಇನ್ನೊಂದರಲ್ಲಿ `free -m`. `available` 140ರವರೆಗೆ ಇಳಿದು ಅಲ್ಲೇ ನಿಂತಿತು. `si`, `so` ಒಂದೆರಡು ಬಾರಿ ಮಿಡಿದು ಸೊನ್ನೆಗೆ ಬಂದವು. ಪತ್ರಗಳು ಒಂದೂ ತಪ್ಪದೆ ಪೆಟ್ಟಿಗೆಗೆ ಬಿದ್ದವು.

ವೈವಾ ದಿನ ಹೊರಗಿನಿಂದ ಬಂದ ಪರೀಕ್ಷಕರು, "1 ಜಿಬಿಯೇ ಯಾಕೆ ತೆಗೆದುಕೊಂಡ್ರಿ?" ಎಂದು ಕೇಳಿದರು. ಆ ಹುಡುಗಿ ವರದಿಯ ಒಂದು ಪುಟ ತೆರೆದು ಮುಂದಿಟ್ಟಳು. ಎಡಕ್ಕೆ ನಾವು ಕೂಡಿದ್ದ ಲೆಕ್ಕ, ಬಲಕ್ಕೆ ನಾಲ್ಕು ತಿಂಗಳು ಅಳೆದದ್ದು. ಸಂಪರ್ಕ 80 ಎಂದುಕೊಂಡಿದ್ದೆವು, ಲ್ಯಾಬ್ ಹೊತ್ತಿನಲ್ಲಿ 104ರವರೆಗೆ ಹೋಗಿತ್ತು. ಫೋನುಗಳನ್ನು ನಾವು ಕಡಿಮೆ ಎಣಿಸಿದ್ದೆವು. ತಲೆಗೆ 150 ಎಂಬಿ ಪತ್ರ ಎಂದಿದ್ದೆವು, ಸರಾಸರಿ 95 ಬಂದಿತ್ತು. ವಿದ್ಯಾರ್ಥಿಗಳ ಪೆಟ್ಟಿಗೆಗಳು ಅಧ್ಯಾಪಕರ ಪೆಟ್ಟಿಗೆಗಳಿಗಿಂತ ಎಷ್ಟೋ ಹಗುರವಾಗಿದ್ದವು, ನಾವು ಅಳೆದದ್ದು ನನ್ನದನ್ನು. ಪರೀಕ್ಷಕರು ಆ ಎರಡು ಸಾಲುಗಳ ಮೇಲೆ ಬೆರಳಿಟ್ಟು, "ಇಲ್ಲಿ ಎಲ್ಲಿ ತಪ್ಪಿತು ಅಂತ ಹೇಳಮ್ಮ" ಎಂದರು. ಅವಳು ಹೇಳಿದಳು. ಮುಂದಿನ ವರ್ಷದ ಗುಂಪು ತನ್ನ ಲೆಕ್ಕವನ್ನು ಈ ಬಲಗಡೆಯ ಕಾಲಂನಿಂದಲೇ ಶುರುಮಾಡಲಿದೆ.